ಚುಕ್ಕಿ ಎಲ್ಲಿಟ್ಟರೂ ಅಷ್ಟೇ

ಸಮಬಾಹು ತ್ರಿಭುಜದ ಒಳಗೆ ಎಲ್ಲಾದರೂ ಒಂದು ಚುಕ್ಕಿ ಇಡಿ. ಅಲ್ಲಿಂದ ಮೂರು ಬಾಹುಗಳಿಗೂ ಲಂಬ ಎಳೆದು ಆ ಮೂರು ದೂರಗಳನ್ನು ಕೂಡಿ. ಬರುವುದು ಯಾವಾಗಲೂ ತ್ರಿಭುಜದ ಎತ್ತರವೇ. ಚುಕ್ಕಿಯನ್ನು ನಡುವೆ ಇಟ್ಟರೂ ಅಷ್ಟೇ, ಮೂಲೆಗೆ ತಳ್ಳಿದರೂ ಅಷ್ಟೇ. ಇದಕ್ಕೆ ವಿವಿಯಾನಿ ಪ್ರಮೇಯ ಎಂದು ಹೆಸರು. ವಿನ್ಸೆಂಜೊ ವಿವಿಯಾನಿ (1622–1703) ಫ್ಲಾರೆನ್ಸಿನವನು, ಗೆಲಿಲಿಯೊನ ಕೊನೆಯ ವರ್ಷಗಳಲ್ಲಿ ಜೊತೆಗಿದ್ದ ಶಿಷ್ಯ.

ನಂಬಿಕೆ ಬಾರದವರು ಒಂದು ಎ4 ಹಾಳೆ ತೆಗೆದುಕೊಳ್ಳಲಿ. ಕೈವಾರ ಬೇಡ, ಕೋನಮಾಪಕ ಬೇಡ. ಹಾಳೆಯ 21 ಸೆಂ.ಮೀ. ಅಂಚು ಕೆಳಗಿರಲಿ. ಉದ್ದನೆಯ ಎರಡು ಅಂಚುಗಳು ಒಂದರ ಮೇಲೊಂದು ಕೂರುವಂತೆ ಮಡಚಿ ಬಿಚ್ಚಿದರೆ ನಡುವೆ ನೆಟ್ಟನೆಯ ಮಡಿಕೆಗೆರೆ ಮೂಡುತ್ತದೆ. ಈಗ ಎಡ ಕೆಳಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಬಲ ಕೆಳಮೂಲೆಯನ್ನು ಎತ್ತಿ ಆ ಗೆರೆಯ ಮೇಲೆ ಕೂರಿಸಿ. ಅದು ಕೂತ ಜಾಗಕ್ಕೆ ಗುರುತು ಹಾಕಿದರೆ ಅದೇ ತ್ರಿಭುಜದ ತುದಿ. ಕೆಳಗಿನ ಎರಡು ಮೂಲೆಗಳಿಂದ ಅಲ್ಲಿಗೆ ಗೆರೆ ಎಳೆದರೆ ಮೂರು ಬಾಹುಗಳೂ 21 ಸೆಂ.ಮೀ.; ಮಡಿಕೆಗೆರೆಯ ಮೇಲೆ ಅಳೆದರೆ ಎತ್ತರ 18.2 ಸೆಂ.ಮೀ.

ಚುಕ್ಕಿಯನ್ನು ಎಡ ಮೂಲೆಯಿಂದ ಪಾದದ ಮೇಲೆ 8 ಸೆಂ.ಮೀ. ಸರಿದು, ಅಲ್ಲಿಂದ 5 ಸೆಂ.ಮೀ. ಮೇಲಕ್ಕೆ ಇಟ್ಟಿರಿ ಅನ್ನಿ. ಪಾದಕ್ಕೆ ದೂರ 5.0. ಮೂಲೆಮಟ್ಟ ಹಿಡಿದು ಅಳೆದರೆ ಎಡ ಬಾಹುವಿಗೆ 4.4, ಬಲ ಬಾಹುವಿಗೆ 8.8. ಕೂಡಿದರೆ 18.2. ಅದೇ ಎತ್ತರದಲ್ಲಿ ಚುಕ್ಕಿಯನ್ನು 3 ಸೆಂ.ಮೀ. ಬಲಕ್ಕೆ ಸರಿಸಿ: 5.0, 7.0, 6.2. ಮತ್ತೆ 18.2. ಎಡಕ್ಕೆ 2.6 ಹೆಚ್ಚಾಯಿತು, ಬಲಕ್ಕೆ 2.6 ಕಮ್ಮಿಯಾಯಿತು. ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ, ಒಬ್ಬನಿಗೆ ಹೆಚ್ಚು ಹೋದದ್ದು ಇನ್ನೊಬ್ಬನ ಪಾಲಿನಿಂದಲೇ ಬಂದಿರಬೇಕು. ವ್ಯತ್ಯಾಸ ಇಷ್ಟೇ, ಇಲ್ಲಿ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ಅಳತೆ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಸ್ಕೇಲಿನ ಅಂಚು. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆ ಅಂಚಿಗೇ ಇರುವುದಿಲ್ಲ, ಕೆಲವು ಮಿ.ಮೀ. ಒಳಗಿರುತ್ತದೆ. ಸೊನ್ನೆಯ ಬದಲು ಅಂಚನ್ನೇ ಚುಕ್ಕಿಗೆ ತಾಗಿಸಿದರೆ ಪ್ರತಿ ಅಳತೆಯೂ ಅಷ್ಟು ಕಮ್ಮಿ ಬರುತ್ತದೆ, 4 ಮಿ.ಮೀ. ಬಿಟ್ಟಿರುವ ಸ್ಕೇಲಾದರೆ ಮೂರೂ ಸೇರಿ 12 ಮಿ.ಮೀ. ಖೋತಾ. ಎರಡನೆಯದು ಲಂಬ. ಮೂಲೆಮಟ್ಟ ಇಡದೆ ಕಣ್ಣಂದಾಜಿನಲ್ಲಿ ಎಳೆದ ಗೆರೆ ಓರೆಯಾಗಿರುತ್ತದೆ. 10 ಡಿಗ್ರಿ ಓರೆಯಾದರೆ 8.8 ಇರಬೇಕಾದದ್ದು 8.9 ಆಗುತ್ತದೆ, 20 ಡಿಗ್ರಿಯಾದರೆ 9.4. ಗಮನಿಸಬೇಕಾದ್ದು ಏನೆಂದರೆ ಓರೆ ಗೆರೆ ಯಾವತ್ತೂ ಲಂಬಕ್ಕಿಂತ ಉದ್ದವೇ, ತಪ್ಪಿಯೂ ಗಿಡ್ಡವಾಗುವುದಿಲ್ಲ. ಹಾಗಾಗಿ ಮೊತ್ತ ಕಮ್ಮಿ ಬಂದರೆ ಮೊದಲು ಸ್ಕೇಲನ್ನು ನೋಡಿ. ಹೆಚ್ಚು ಬಂದರೆ ಮೂಲೆಮಟ್ಟವನ್ನು ನೋಡಿ. ಒಂದೆರಡು ಮಿ.ಮೀ. ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮೂರು ಸಲ ಅಳೆದಾಗ ಅಷ್ಟು ಆಗಿಯೇ ಆಗುತ್ತದೆ. ಓರೆ ಗೆರೆಯ ಈ ಒಂದೇ ಗುಣ ಮುಂದೆ ದೊಡ್ಡ ಕೆಲಸಕ್ಕೆ ಬರುತ್ತದೆ, ಆ ಮಾತು ಆಮೇಲೆ.

ಕಾರಣ ಏನು? ಶಾಲೆಯಲ್ಲಿ ಹೇಳಿಕೊಡುವ ಸಾಧನೆ ನಾಲ್ಕು ಸಾಲಿನದು. ಚುಕ್ಕಿಯನ್ನು ಮೂರು ಶೃಂಗಗಳಿಗೆ ಸೇರಿಸಿದರೆ ದೊಡ್ಡ ತ್ರಿಭುಜ ಮೂರು ಚಿಕ್ಕ ತ್ರಿಭುಜಗಳಾಗಿ ಒಡೆಯುತ್ತದೆ. ಪ್ರತಿಯೊಂದರ ಪಾದವೂ 21. ಎತ್ತರಗಳು ನಾವು ಅಳೆದ ಆ ಮೂರು ದೂರಗಳೇ. ಚುಕ್ಕಿ ಮೊದಲಿದ್ದ ಜಾಗದಲ್ಲಿ ವಿಸ್ತೀರ್ಣಗಳು 52.5, 46.5, 92.0 ಚದರ ಸೆಂ.ಮೀ., ಒಟ್ಟು 191. ಇಡೀ ತ್ರಿಭುಜದ ವಿಸ್ತೀರ್ಣವೂ 21ನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ ಅದೇ 191. ಎರಡೂ ಕಡೆ 21ರ ಅರ್ಧ ಇದೆ, ಹೊಡೆದುಹಾಕಿದರೆ ಉಳಿಯುವುದು ದೂರಗಳ ಮೊತ್ತ ಒಂದು ಕಡೆ, ಎತ್ತರ ಇನ್ನೊಂದು ಕಡೆ.

ಈ ಸಾಧನೆಯಲ್ಲಿ ಲೋಪವೇನೂ ಇಲ್ಲ. ಆದರೂ ಚುಕ್ಕಿ ಓಡಾಡುವಾಗ ಒಳಗೆ ಏನು ನಡೆಯುತ್ತದೆ ಎನ್ನುವುದು ಇದರಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕೆಂದರೆ ಚುಕ್ಕಿಯನ್ನು ನೇರ ಮೇಲಕ್ಕೆ 1 ಸೆಂ.ಮೀ. ಎತ್ತಿ. ಪಾದದಿಂದ ದೂರ 1 ಹೆಚ್ಚಾಯಿತು. ಎರಡು ಓರೆ ಬಾಹುಗಳೂ ಪಾದಕ್ಕೆ 60 ಡಿಗ್ರಿಯಲ್ಲಿ ಬಾಗಿ ನಿಂತಿರುವುದರಿಂದ ಒಂದೊಂದಕ್ಕೂ ಅರ್ಧರ್ಧ ಸೆಂ.ಮೀ. ಹತ್ತಿರವಾಯಿತು. ಅರ್ಧ ಮತ್ತು ಅರ್ಧ ಒಂದು, ಲೆಕ್ಕ ಚುಕ್ತಾ. ಅಡ್ಡಕ್ಕೆ ಸರಿಸಿದರೆ ಪಾದಕ್ಕೆ ಏನೂ ಆಗುವುದಿಲ್ಲ, ಒಂದೇ ಸಮನಾಗಿ ಬಾಗಿರುವ ಎರಡು ಓರೆ ಬಾಹುಗಳಲ್ಲಿ ಒಂದರಿಂದ ದೂರ ಹೋದಷ್ಟೇ ಇನ್ನೊಂದಕ್ಕೆ ಹತ್ತಿರ. ಯಾವ ಚಲನೆಯನ್ನಾದರೂ ಮೇಲೆ-ಕೆಳಗೆ ಮತ್ತು ಅಡ್ಡ ಎಂದು ಒಡೆಯಬಹುದಾದ್ದರಿಂದ ಮೊತ್ತ ಅಲುಗಲು ದಾರಿಯೇ ಇಲ್ಲ. ಚುಕ್ಕಿಯನ್ನು ಸರಿಸುತ್ತಾ ತುದಿಯ ಶೃಂಗಕ್ಕೇ ಮುಟ್ಟಿಸಿದರೆ ಎರಡು ದೂರಗಳು ಸೊನ್ನೆಯಾಗಿ ಮೂರನೆಯದೇ ಇಡೀ ಎತ್ತರವಾಗುತ್ತದೆ. ಮೊತ್ತ ಎತ್ತರಕ್ಕೇ ಏಕೆ ಸಮ ಎನ್ನುವುದೂ ಅಲ್ಲಿಗೆ ತೀರಿತು.

ಬಾಹುಗಳು ಸಮ ಇಲ್ಲದಿದ್ದರೆ ಈ ಹೊಂದಾಣಿಕೆ ಮುರಿದುಬೀಳುತ್ತದೆ. 3, 4, 5 ಬಾಹುಗಳ ಲಂಬಕೋನ ತ್ರಿಭುಜದಲ್ಲಿ ಚುಕ್ಕಿ ಲಂಬಕೋನದ ಮೂಲೆಯಲ್ಲಿದ್ದರೆ ಮೊತ್ತ 2.4, ಮೂರೂ ಬಾಹುಗಳಿಗೆ ಸಮದೂರದ ಕೇಂದ್ರದಲ್ಲಿ 3, ಅತಿ ಚೂಪಾದ ಮೂಲೆಯಲ್ಲಿ 4. ಸ್ವಲ್ಪ ಕೆಟ್ಟ ತ್ರಿಭುಜವೂ ಇದರಿಂದ ಸಿಕ್ಕಿಬೀಳುತ್ತದೆ. ಮಡಿಕೆ ಜಾರಿ ಒಂದು ಬಾಹು 21ರ ಬದಲು 20.5 ಆಯಿತೆನ್ನಿ, ಆಗ ಒಂದು ಶೃಂಗದಲ್ಲಿ ಮೊತ್ತ 18.3, ಉಳಿದೆರಡರಲ್ಲಿ 17.9. ಚುಕ್ಕಿಯ ಜಾಗ ಬದಲಾದಂತೆ ಮೊತ್ತ ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋದರೆ ಅಳೆಯುವವರ ತಪ್ಪಲ್ಲ, ತ್ರಿಭುಜದ ತಪ್ಪು. ಚುಕ್ಕಿ ತ್ರಿಭುಜದ ಹೊರಗೆ ಹೋದರೂ ಪ್ರಮೇಯ ಉಳಿಯುತ್ತದೆ, ಆದರೆ ದಾಟಿಹೋದ ಬಾಹುವಿನ ದೂರವನ್ನು ಮೈನಸ್ ಎಂದು ಹಿಡಿಯಬೇಕು.

ಇದರಿಂದ ಉಪಯೋಗವೇನು ಎಂದು ಕೇಳುವವರು ಮಣ್ಣು ಪರೀಕ್ಷೆಯ ಕಡೆ ನೋಡಬಹುದು. ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಮೂರರ ಶೇಕಡಾ ಪ್ರಮಾಣ ಕೂಡಿದರೆ 100. ಮೂರು ಸಂಖ್ಯೆಗಳನ್ನು ಚಪ್ಪಟೆ ಹಾಳೆಯ ಮೇಲೆ ಒಂದೇ ಚುಕ್ಕಿಯಾಗಿ ತೋರಿಸಲು ಎತ್ತರ 100 ಇರುವ ಸಮಬಾಹು ತ್ರಿಭುಜ ಸಾಕು: ಪಾದದಿಂದ ದೂರ ಜೇಡಿ, ಉಳಿದ ಎರಡು ಬಾಹುಗಳಿಂದ ದೂರ ಮರಳು ಮತ್ತು ರೇವೆ. ಮೊತ್ತ 100 ಇರುವಂತೆ ನೋಡಿಕೊಳ್ಳುವ ಕೆಲಸ ತ್ರಿಭುಜದ್ದು. ಜೇಡಿ 55, ರೇವೆ 25, ಮರಳು 20 ಇರುವ ಮಣ್ಣನ್ನು ಗುರುತಿಸಲು ಪಾದಕ್ಕೆ ಸಮಾನಾಂತರವಾಗಿ 55ರ ಗೆರೆ, ಇನ್ನೊಂದು ಬಾಹುವಿಗೆ ಸಮಾನಾಂತರವಾಗಿ 25ರ ಗೆರೆ ಹಿಡಿದು ಅವು ಕೂಡುವಲ್ಲಿ ಚುಕ್ಕಿ ಇಡಬೇಕು. ಮೂರನೆಯ ಗೆರೆ, ಅಂದರೆ ಮರಳಿನ 20, ತಾನಾಗಿಯೇ ಅಲ್ಲಿ ಹಾಯುತ್ತದೆ. ಹಾಯದಿದ್ದರೆ ಬಹುಪಾಲು ಯಾವುದೋ ಅಂಚಿನ ಸಂಖ್ಯೆಗೆ ತಪ್ಪು ದಿಕ್ಕಿನ ಗೆರೆ ಹಿಡಿದಿರುತ್ತಾರೆ. ಈ ನಕ್ಷೆಯಲ್ಲಿ ಹೊಸಬರು ಎಡವುವುದು ಅಲ್ಲೇ.

ಗೆರೆಗಳೆಲ್ಲ ಸರಿಯಾಗಿದ್ದೂ ಕೂಡದಿದ್ದರೆ ಸಂಖ್ಯೆಗಳಲ್ಲೇ ಐಬು. ಮೂರನ್ನೂ ಬೇರೆಬೇರೆಯಾಗಿ ಅಳೆದು ಮೊತ್ತ 97 ಬಂದಿದ್ದರೆ ಮೂರು ಗೆರೆಗಳು ಒಂದು ಚುಕ್ಕಿಯ ಬದಲು ಒಂದು ಪುಟ್ಟ ಸಮಬಾಹು ತ್ರಿಭುಜ ಮಾಡುತ್ತವೆ. ಅದರ ಎತ್ತರ ಸರಿಯಾಗಿ 3! ಕಳೆದುಹೋದ ಶೇಕಡಾ 3 ಎಲ್ಲೂ ಅಡಗದೆ ಹಾಳೆಯ ಮೇಲೆ ತನ್ನದೇ ಆಕಾರ ತಾಳಿ ಕೂತಿರುತ್ತದೆ. ಇಷ್ಟು ಪ್ರಾಮಾಣಿಕವಾದ ನಕ್ಷೆ ಅಪರೂಪ.

ಇನ್ನು ಆಗಲೇ ಬಾಕಿ ಇಟ್ಟ ಓರೆ ಗೆರೆಯ ಮಾತು. ಮೂರು ಊರುಗಳಿಗೆ ಒಂದು ಟ್ಯಾಂಕಿನಿಂದ ನೇರ ಪೈಪು ಹಾಕಬೇಕು. ಒಟ್ಟು ಪೈಪು ಅತಿ ಕಡಿಮೆಯಾಗಲು ಟ್ಯಾಂಕು ಎಲ್ಲಿರಬೇಕು? ಪೈಪು, ಟ್ಯಾಂಕು ನಮ್ಮ ಸೇರ್ಪಡೆ; ಮೂರು ಬಿಂದುಗಳಿಗೆ ದೂರಗಳ ಮೊತ್ತ ಕನಿಷ್ಠವಾಗುವ ಜಾಗ ಹುಡುಕಿ ಎಂದು ಸವಾಲು ಹಾಕಿದವನು ಫ್ರಾನ್ಸಿನ ಫರ್ಮಾ. ಬಿಡಿಸಿದವನು ವಾಯುಭಾರಮಾಪಕದ ಟಾರಿಸೆಲ್ಲಿ. ಅವನು 1647ರಲ್ಲಿ ತೀರಿಹೋದ. ಪರಿಹಾರವನ್ನು 1659ರಲ್ಲಿ ಅಚ್ಚು ಹಾಕಿಸಿದವನು ನಮ್ಮ ವಿವಿಯಾನಿ.

ಉತ್ತರ ಹೀಗೆ: ಟ್ಯಾಂಕಿನಿಂದ ಹೊರಡುವ ಮೂರು ಪೈಪುಗಳ ನಡುವೆ ತಲಾ 120 ಡಿಗ್ರಿ ಇರಬೇಕು. ಉದಾಹರಣೆಗೆ ಹಾಗೆ ಹೊರಟ ಪೈಪುಗಳು 3, 5 ಮತ್ತು 8 ಕಿ.ಮೀ. ಇರಲಿ, ಒಟ್ಟು 16. ಈಗ ಪ್ರತಿ ಊರಿನಲ್ಲೂ ಪೈಪಿನ ಕೊನೆಗೆ ಅದಕ್ಕೆ ಲಂಬವಾಗಿ ಒಂದು ಉದ್ದನೆಯ ಗೆರೆ ಎಳೆಯಿರಿ. ಪೈಪುಗಳ ನಡುವೆ 120 ಡಿಗ್ರಿ ಇರುವುದರಿಂದ ಆ ಗೆರೆಗಳು ಒಂದನ್ನೊಂದು 60 ಡಿಗ್ರಿಯಲ್ಲಿ ಕೂಡಿ, ಮೂರೂ ಊರುಗಳನ್ನು ತನ್ನ ಬಾಹುಗಳ ಮೇಲೆ ಇಟ್ಟುಕೊಂಡ ಒಂದು ದೊಡ್ಡ ಸಮಬಾಹು ತ್ರಿಭುಜ ಎದ್ದು ನಿಲ್ಲುತ್ತದೆ. ಟ್ಯಾಂಕು ಅದರ ಒಳಗಿನ ಚುಕ್ಕಿ, ಪೈಪುಗಳೇ ಲಂಬಗಳು, ಎತ್ತರ 16.

ಟ್ಯಾಂಕನ್ನು ಬೇರೆ ಕಡೆಗೆ ಸರಿಸಿ ನೋಡಿ. ಹೊಸ ಜಾಗದಿಂದಲೂ ಬಾಹುಗಳಿಗೆ ಲಂಬದೂರಗಳ ಮೊತ್ತ 16ಕ್ಕೇ ಕಚ್ಚಿಕೊಂಡಿದೆ. ಆದರೆ ಈಗ ಪೈಪುಗಳು ಲಂಬವಾಗಿ ಉಳಿದಿಲ್ಲ. ಊರು ಇದ್ದಲ್ಲೇ ಇದೆ, ಪೈಪು ಅಲ್ಲಿಗೆ ಓರೆಯಾಗಿ ಹೋಗಬೇಕು, ಓರೆ ಎಂದರೆ ಉದ್ದ ಜಾಸ್ತಿ. ಮೂಲೆಮಟ್ಟ ಇಡದೆ ಅಳೆದಾಗ ಮೊತ್ತ ಹೆಚ್ಚು ಬಂದದ್ದು ಯಾವ ಕಾರಣಕ್ಕೋ, ಪೈಪಿನ ಬಿಲ್ಲು ಏರುವುದೂ ಅದೇ ಕಾರಣಕ್ಕೆ. ಊರುಗಳ ತ್ರಿಭುಜದ ಗುರುತ್ವಕೇಂದ್ರದಲ್ಲಿ ಟ್ಯಾಂಕು ಕಟ್ಟಿದರೆ 16.3 ಕಿ.ಮೀ. ಬೇಕು. ಟ್ಯಾಂಕನ್ನು 3 ಕಿ.ಮೀ. ಪೈಪಿನ ಊರಿನಲ್ಲೇ ಇಟ್ಟು ಅಲ್ಲಿಂದ ಉಳಿದೆರಡು ಊರುಗಳಿಗೆ ನೇರ ಪೈಪು ಎಳೆದರೆ ಸುಮಾರು 16.8. ಉಳಿತಾಯ ಭಾರಿಯೇನಲ್ಲ, ಆದರೆ ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎನ್ನುವುದು ಖಚಿತ.

ಒಂದು ಷರತ್ತು. ಊರುಗಳ ತ್ರಿಭುಜದಲ್ಲಿ ಯಾವುದಾದರೂ ಕೋನ 120 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಉಪಾಯ ನಡೆಯದು, 120ರ ಚುಕ್ಕಿ ಒಳಗೆ ಸಿಗುವುದೇ ಇಲ್ಲ. ಆಗ ಟ್ಯಾಂಕನ್ನು ಆ ಅಗಲ ಕೋನದ ಊರಿನಲ್ಲೇ ಕಟ್ಟಿ, ಉಳಿದ ಎರಡಕ್ಕೆ ನೇರ ಪೈಪು ಎಳೆದರೆ ಅದೇ ಅತಿ ಕಡಿಮೆ.