ಕರಾವಳಿಯ ಕಥೆ ಧಾರವಾಡದ ಓದುಗರಿಗೆ: ಮಾತು ಬದಲಿಸಬೇಕಾ?

ಕಥೆ ಇಷ್ಟೇ. ತುಳುನಾಡಿನ ಒಂದು ಹಳೇ ಮನೆ. ತಂಗಿ ಹೇಳದೆ ಕೇಳದೆ ಮದುವೆ ಮಾಡಿಕೊಂಡು ಹೋಗಿದ್ದಾಳೆ. ಅಕ್ಕ ಗಿರಿಜ ಅವಳನ್ನು ನೋಡಿಕೊಂಡು ಬಿಸಿಲಲ್ಲಿ ನಡೆದು ವಾಪಸ್ ಬರುತ್ತಾಳೆ. ಚಿಟ್ಟೆಯ ಮೇಲೆ ಕೂತ ಸೋದರಮಾವ ಒಂದೇ ಮಾತು ಹೇಳುತ್ತಾರೆ: "ಅವಳು ಇನ್ನು ಈ ಮನೆಗೆ ಬರ್ಲಿಕ್ಕಿಲ್ಲ." ಗಿರಿಜ ಒಳಗೆ ಹೋಗಿ ತಂಗಿಯ ಬಟ್ಟಲನ್ನು ಅಟ್ಟಕ್ಕೆ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು. ಇದನ್ನು ಉತ್ತರ ಕರ್ನಾಟಕದವರಿಗಾಗಿ ಅವರ ಮಾತಿನಲ್ಲಿ ಮತ್ತೆ ಬರೆಯಬೇಕಾ, ಬೇಡವಾ? ಕಥೆ ಬರೆದವರದು ಒಂದು ವಾದ, ಧಾರವಾಡದಲ್ಲಿ ಕೂತು ಓದಿದ ಅವರ ಗೆಳತಿಯದು ಇನ್ನೊಂದು.

ಪರ: ಬದಲಿಸಲೇಬೇಕು

ಗೊತ್ತಿಲ್ಲದ ಪದ ನನಗೆ ದೊಡ್ಡ ತಲೆನೋವಲ್ಲ. "ನನಗೆ ಬಚ್ಚಿತು" ಅಂತ ಗಿರಿಜ ಹೇಳಿದರೆ ಧಾರವಾಡದವರು ಒಂದು ಕ್ಷಣ ನಿಲ್ಲುತ್ತಾರೆ, ಬಿಸಿಲಲ್ಲಿ ನಡೆದು ಬಂದಿದ್ದಾಳಲ್ಲ, ದಣಿವಾಗಿದೆ ಅಂತ ಊಹಿಸಿ ಮುಂದೆ ಹೋಗುತ್ತಾರೆ. ಕೈ ಕೊಡುವುದು ಗೊತ್ತಿದೆ ಅಂತ ಅನ್ನಿಸುವ ಪದ. ಮಾವ ಚಿಟ್ಟೆಯ ಮೇಲೆ ಕೂತಿದ್ದರು ಅಂತ ಬರೆದೆ. ನಮ್ಮಲ್ಲಿ ಚಿಟ್ಟೆ ಅಂದರೆ ಮನೆ ಮುಂದಿನ ಜಗಲಿಯಲ್ಲಿ ಕೂರಲಿಕ್ಕೆ ಎತ್ತರಿಸಿ ಕಟ್ಟಿದ ಜಾಗ. ಧಾರವಾಡದ ಕಡೆ ಅದು ಕಟ್ಟಿ. ಚಿಟ್ಟೆ ಅವರಿಗೆ ಪಠ್ಯಪುಸ್ತಕದ ಪದ, ಅಂದರೆ ಅವರ ಪಾತರಗಿತ್ತಿ. ಒಬ್ಬ ಮುದುಕ ಪಾತರಗಿತ್ತಿ ಮೇಲೆ ಕೂತ! ನಕ್ಕು ಸುಮ್ಮನಾಗಬಹುದು ಬಿಡಿ.

ಆದರೆ "ಬರ್ಲಿಕ್ಕಿಲ್ಲ" ನಗುವ ವಿಷಯ ಅಲ್ಲ. ಮಂಗಳೂರು ಕಡೆ "ಇಲ್ಲಿ ಕೂರ್ಲಿಕ್ಕಿಲ್ಲ" ಅಂದರೆ ಕೂರಬಾರದು ಅಂತ. ಮಾವ ಹೇಳಿದ್ದು ಅದನ್ನೇ, ಅವಳು ಈ ಮನೆಗೆ ಕಾಲಿಡುವ ಹಾಗಿಲ್ಲ. ಉತ್ತರದವರಿಗೆ, ಅಷ್ಟೇ ಯಾಕೆ, ಬೆಂಗಳೂರಿನವರಿಗೂ, ಬರಲಿಕ್ಕಿಲ್ಲ ಅಂದರೆ "ಬಹುಶಃ ಬರುವುದಿಲ್ಲ". ನಾಲ್ಕು ಜನರಿಗೆ ಕಥೆ ಕೊಟ್ಟೆ. ಅರ್ಥ ಆಯ್ತಾ ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಮಾವ ಎಂಥ ಮನುಷ್ಯ ಅಂತ ಕೇಳಿದೆ. ಕರಾವಳಿಯ ಇಬ್ಬರೂ "ಕಲ್ಲು" ಅಂದರು. ಧಾರವಾಡದ ಇಬ್ಬರೂ "ಪಾಪ, ಮಗಳಂಥವಳು ಇನ್ನು ಬರಲಾರಳು ಅಂತ ಕೊರಗುವ ಮುದುಕ" ಅಂದರು. ಅವರಲ್ಲಿ ಒಬ್ಬರು, ಹಾಗಿದ್ದರೆ ಅಕ್ಕ ಬಟ್ಟಲು ಯಾಕೆ ಅಟ್ಟಕ್ಕೆ ಹಾಕಿದಳು ಅಂತ ನನ್ನನ್ನೇ ಕೇಳಿದರು. ಕಥೆ ತಲೆಕೆಳಗಾಗಿತ್ತು, ಓದುವಾಗ ಅವರಿಗೆ ಎಲ್ಲೂ ಎಡವಿದ್ದೇ ಗೊತ್ತಾಗಿರಲಿಲ್ಲ.

ಹಾಗಾಗಿ ಸಂಭಾಷಣೆಯನ್ನು ಪೂರ್ತಿ ಆ ಕಡೆಯ ಮಾತಿಗೆ ತಂದೆ. ಗಿರಿಜ "ನನಗ ಭಾಳ ದಣಿವಾಗೇದ ನೋಡವಾ, ಜಳಕಾ ಮಾಡಿ ಬರ್ತೀನಿ" ಅನ್ನುತ್ತಾಳೆ. ಮಾವ "ಆಕಿ ಇನ್ನ ಈ ಮನಿ ಹೊಸ್ತಲಾ ತುಳೀಬಾರ್ದು" ಅನ್ನುತ್ತಾರೆ. ಮೂಲ ಮಾತು ಹೋಯಿತಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಆ ಮನೆಯಲ್ಲಿ ಯಾರೂ ಕನ್ನಡ ಮಾತಾಡುವುದೇ ಇಲ್ಲ. ಅವರ ಮನೆಮಾತು ತುಳು. ನಾನು ಬರೆದ "ಮೂಲ"ವೇ ಒಂದು ಸಲ ಅನುವಾದ ಆಗಿ ಬಂದದ್ದು. ತುಳುವಿನಿಂದ ಮಂಗಳೂರು ಕನ್ನಡಕ್ಕೆ ಬರಬಹುದಾದರೆ ಧಾರವಾಡ ಕನ್ನಡಕ್ಕೆ ಯಾಕೆ ಹೋಗಬಾರದು?

ವಿರೋಧ: ನಮ್ಮ ಬಾಯಿ ಅವರಿಗೆ ಕೊಡಬೇಡಿ

ನಾನು ಎರಡೂ ಪ್ರತಿ ಓದಿದೆ, ಮೊದಲ ಸಲ ತಪ್ಪು ತಿಳಿದುಕೊಂಡದ್ದೂ ನಿಜ. ಆದರೂ ಎರಡನೆಯದು ನನಗೆ ಬೇಡ.

ಮೊದಲಿಗೆ, ಉತ್ತರದ ಮಾತು ಅಂತ ಒಂದೇ ಇಲ್ಲ. "ದಣಿವಾಗೇದ" ಅಂತ ಬರೆದಿರಿ. ಧಾರವಾಡ, ವಿಜಯಪುರದ ಕಡೆ "ಅದ" ಅಂದ ಕೂಡಲೇ ಎಷ್ಟೋ ಜನರಿಗೆ ಬ್ರಾಹ್ಮಣರ ಮನೆ ಕಣ್ಣ ಮುಂದೆ ಬರುತ್ತೆ. ಬೇರೆಯವರು ಜಾಸ್ತಿ "ಐತಿ" ಅನ್ನುತ್ತಾರೆ. ಅದೇ "ಅದ" ಕಲಬುರಗಿ, ಬೀದರಿಗೆ ಹೋದರೆ ಎಲ್ಲರ ಬಾಯಲ್ಲೂ ಇದೆ. ಗಿರಿಜಳ ಜಾತಿಯನ್ನು ನಿಮ್ಮ ಕಥೆ ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಒಂದು ಕ್ರಿಯಾಪದ ಹೇಳಿಬಿಟ್ಟಿತು, ಅದೂ ತಪ್ಪು ಜಾತಿ. ಐತಿ ಅಂತ ತಿದ್ದಿದರೆ ಇನ್ನೊಂದು ಮನೆಗೆ ಹೋಗುತ್ತೀರಿ, ಅಷ್ಟೇ. 1956ಕ್ಕೆ ಮುಂಚೆ ನಾವು ಮುಂಬೈ, ಹೈದರಾಬಾದ್ ಅಂತ ಹಂಚಿಹೋಗಿದ್ದವರು, ನೀವು ಮದ್ರಾಸಿನಲ್ಲಿದ್ದವರು. ಒಂದೊಂದು ಕಡೆಯ ಮಾತಿಗೂ ಅದರ ನೆರೆಹೊರೆಯ ಬಣ್ಣ ಹತ್ತಿದೆ.

ಎರಡನೆಯದು ನನ್ನ ದೊಡ್ಡ ತಕರಾರು. ಮಾವ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇದೆ. ಹುಡುಗಿಯೊಬ್ಬಳು "ಮಾಮಾ" ಅಂತ ಕರೆದರೆ ಆ ಕರೆಯಲ್ಲಿ ಸಲಿಗೆ ಇರುತ್ತೆ, ಚೇಷ್ಟೆ ಇರುತ್ತೆ, ಕೆಲವು ಮನೆಗಳಲ್ಲಿ ಮದುವೆಯ ಮಾತೂ ಇರುತ್ತೆ. ನಿಮ್ಮ ಕಥೆಯದು ಅಳಿಯಕಟ್ಟಿನ ಮನೆ. ಅಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತೆ, ಹಾಗಾಗಿ ಮಾವ, ಸೊಸೆ ಒಂದೇ ಬಳಿಯವರು, ಮದುವೆಯ ಪ್ರಶ್ನೆಯೇ ಇಲ್ಲ. ಅಪ್ಪ ಇದ್ದರೂ ಮನೆಯ ಯಜಮಾನಿಕೆ ಮಾವನದು. ಯಾರು ಒಳಗೆ, ಯಾರು ಹೊರಗೆ ಅಂತ ಅವರು ಹೇಳಿದರೆ ಅದು ಮನೆಯ ಕಟ್ಟಳೆ. ಅವರನ್ನು ನಮ್ಮ ಮಾತಿನಲ್ಲಿ ಆಡಿಸಿದ ಕೂಡಲೇ ನನ್ನಂಥ ಓದುಗಳಿಗೆ ಬರುವ ಸಂಶಯ ಒಂದೇ: ಇವನಿಗೇನು ಇಷ್ಟು ಸಿಟ್ಟು, ಹುಡುಗಿ ತನಗೆ ಸಿಗಲಿಲ್ಲ ಅಂತಾನಾ? ನಗಬೇಡಿ, ನನಗೆ ನಿಜವಾಗಿ ಹಾಗೇ ಅನ್ನಿಸಿತು. ಮಂಗಳೂರು ಕನ್ನಡದಲ್ಲಿ ಓದುವಾಗ ಅನ್ನಿಸಿರಲಿಲ್ಲ. ಮಾತು ಬೇರೆ ಇದ್ದದ್ದಕ್ಕೇ ಮನೆಯೂ ಬೇರೆ ಅಂತ ಮನಸ್ಸು ಎಚ್ಚರವಾಗಿತ್ತು.

ಇನ್ನು ಹೊಸ್ತಲದ ಮಾತು. "ಹೊಸ್ತಲಾ ತುಳೀಬಾರ್ದು" ಅಂದರೆ ನಮ್ಮಲ್ಲಿ ಕೂಗಿ ಹೇಳುವ ಮಾತು, ಅರ್ಧ ಶಾಪ. "ಬರ್ಲಿಕ್ಕಿಲ್ಲ" ಅನ್ನುವಾಗ ನಿಮ್ಮ ಮಾವ ದನಿ ಎತ್ತಿರಲಿಲ್ಲ. ಬೇಡ ಅಂದವರು ಯಾರು ಅಂತ ಕೂಡ ಆ ಮಾತಿನಲ್ಲಿಲ್ಲ, ಬರುವುದು ಅನ್ನುವುದೇ ಇಲ್ಲ, ಅಷ್ಟೇ. ಆ ತಣ್ಣಗಿನ ದನಿಗೇ ಅಲ್ವಾ ನಿಮ್ಮ ಕಡೆಯವರು ಕಲ್ಲು ಅಂದದ್ದು? ಅವರು ತುಳುವರು, ಕನ್ನಡವೇ ಅನುವಾದ ಅನ್ನುತ್ತೀರಿ. ಇರಲಿ. ಆದರೆ ಈ "ಲಿಕ್ಕಿಲ್ಲ"ದಲ್ಲಿ ತುಳುವಿನ ನೆರಳಿದೆ. ಧಾರವಾಡಕ್ಕೆ ತಂದರೆ ಆ ನೆರಳೂ ಹೋಯಿತು. ನಮ್ಮಲ್ಲಿ "ಬರ್ಲಿಕ್ಕತ್ತಾಳ" ಅಂದರೆ ಬರುತ್ತಿದ್ದಾಳೆ ಅಂತ, ಅದೇ ಬಾಲ ನಮಗೆ ಬೇರೆಯೇ ಕೆಲಸ ಮಾಡುತ್ತೆ.

ಹಾಗಾದರೆ ಓದುಗರು ತಪ್ಪು ತಿಳಿಯದ ಹಾಗೆ ಏನು ಮಾಡೋದು? ಅಡಿಟಿಪ್ಪಣಿ ಬೇಡ, ಕಥೆಯ ಕೊನೆಯ ಪುಟದಲ್ಲಿ ಯಾರೂ ಕಣ್ಣು ಕೆಳಗೆ ಹಾಕಬಾರದು. ಚಿಟ್ಟೆಗೆ "ಕಾಲು ಇಳಿಬಿಟ್ಟು ಕೂತಿದ್ದರು" ಅಂತ ನಿರೂಪಣೆಯಲ್ಲಿ ಸೇರಿಸಿ, ಕಟ್ಟಿ ತಾನಾಗಿ ಕಾಣುತ್ತೆ. ಮಾವನ ಮಾತಿಗೆ ಗಿರಿಜಳಿಂದ ಒಂದು ಪ್ರಶ್ನೆ ಸಾಕು.

"ಅವಳು ಇನ್ನು ಈ ಮನೆಗೆ ಬರ್ಲಿಕ್ಕಿಲ್ಲ."

"ಬಂದರೆ?"

"ಬರ್ಲಿಕ್ಕಿಲ್ಲ ಅಂದೆನಲ್ಲ."

ಇದನ್ನು ನಮ್ಮ ಅವ್ವನಿಗೆ ಓದಿ ಹೇಳಿದೆ. ಮಂಗಳೂರನ್ನು ಕಂಡವಳಲ್ಲ. ಬಟ್ಟಲು ಯಾಕೆ ಅಟ್ಟಕ್ಕೆ ಹೋಯಿತು ಅಂತ ಅವಳು ಕೇಳಲಿಲ್ಲ. "ಆ ಮುದುಕಗ ಎದುರು ಹೇಳಾವ್ರು ಯಾರೂ ಇಲ್ಲೇನು ಆ ಮನ್ಯಾಗ?" ಅಂದಳು.