ನೋಟಿಸಿಗಿಂತ ಮುಂಚೆ ಬರೆದ ಒಂದು ಪತ್ರ

ನಾನು ಇಂಗ್ಲೆಂಡಿನಲ್ಲಿದ್ದುಕೊಂಡು ಕಂಪನಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಇಲ್ಲಿ ನನಗೆ ಎದುರಾದ ಮೊದಲ ದೊಡ್ಡ ತಕರಾರು ಗಂಟೆಗಳ ಲೆಕ್ಕದ್ದು. ಒಂದು ಕಂಪನಿಗೆ ಅಂದಾಜು ಕೊಟ್ಟಿದ್ದು 120 ಗಂಟೆಗೆ, ಇನ್‌ವಾಯ್ಸ್ ಕಳಿಸಿದ್ದು 164ಕ್ಕೆ. ಮಿಕ್ಕ 44 ಗಂಟೆ ನೀವೇ ನಡುವೆ ಕೇಳಿದ ಬದಲಾವಣೆಗಳದ್ದು ಎಂದು ನಾನು. ಅದೆಲ್ಲ ಮೊದಲೇ ಮಾತಾಡಿದ ಕೆಲಸದಲ್ಲೇ ಸೇರಿದೆ ಎಂದು ಅವರು. ಎರಡು ತಿಂಗಳು ಇಮೇಲ್ ಓಡಾಡಿದವು, ದುಡ್ಡು ಬರಲಿಲ್ಲ.

ನನಗೆ ಮೊದಲು ನೆನಪಾದದ್ದು ವಕೀಲರ ನೋಟಿಸ್. ಭಾರತದಲ್ಲಿ ಕಲಿತ ಬುದ್ಧಿ ಅದು. ‘ಕೂತು ಮಾತಾಡೋಣ’ ಎಂದು ನಾವೇ ಮೊದಲು ಅಂದರೆ, ಇವರ ಹತ್ತಿರ ದಾಖಲೆ ಇಲ್ಲ ಅಂದುಕೊಂಡುಬಿಡುತ್ತಾರೆ ಅಲ್ವಾ? ಆದರೆ ಇಲ್ಲಿನ ವಕೀಲರು ಕೇಳಿದ ಮೊದಲ ಪ್ರಶ್ನೆಯೇ ‘ಮಧ್ಯಸ್ಥಿಕೆಗೆ ಕರೆದಿದ್ದೀರಾ?’ ಎಂದು.

ದಾವೆಗೆ ಮುಂಚೆ ಎರಡೂ ಕಡೆಯವರು ಕಾಗದಪತ್ರ ಹಂಚಿಕೊಂಡು, ಬೇರೆ ದಾರಿ ಇದೆಯೇ ಎಂದು ನೋಡಿರಬೇಕು ಅನ್ನುವುದು ಇಲ್ಲಿನ ಕೋರ್ಟಿನ ನಿರೀಕ್ಷೆ. ಮಧ್ಯಸ್ಥಿಕೆಗೆ ಕರೆದಾಗ ಸುಮ್ನೆ ಕೂತರೆ ಸಾಮಾನ್ಯವಾಗಿ ಆ ಮೌನವೇ ಅಸಮಂಜಸ ನಡತೆ ಎಂದು 2013ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟ್ ಹೇಳಿದೆ. ಹಾಗೆ ಸುಮ್ಮನಿದ್ದವನು ಕೇಸು ಗೆದ್ದರೂ, ಸೋತವನಿಂದ ಬರಬೇಕಾದ ಖರ್ಚು ಸಿಗದೆ ಹೋಗಬಹುದು. ಹಾಗಾಗಿ ಕರೆಯುವವನು ಇಲ್ಲಿ ಸಣ್ಣವನಾಗುವುದಿಲ್ಲ, ಉತ್ತರ ಕೊಡುವ ಹೊರೆ ಎದುರಿನವನ ತಲೆಗೆ ಬೀಳುತ್ತದೆ. ಚಿಕ್ಕ ಮೊತ್ತದ ದಾವೆಗಳಲ್ಲಿ ವಕೀಲರ ಖರ್ಚು ಸಿಗುವುದೇ ಕಡಿಮೆ, ಅಲ್ಲಿ ಈ ಹೆದರಿಕೆ ಅಷ್ಟು ಕೆಲಸ ಮಾಡದು.

ಭಾರತದಲ್ಲಿ ಕಾನೂನು ಇನ್ನೂ ಬಿಗಿ. 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿಯ ವ್ಯಾಪಾರದ ತಕರಾರಿನಲ್ಲಿ ತುರ್ತು ಆದೇಶ ಬೇಕಿಲ್ಲದಿದ್ದರೆ, ಮಧ್ಯಸ್ಥಿಕೆಗೆ ಅರ್ಜಿ ಹಾಕದೆ ದಾವೆ ಹೂಡುವಂತಿಲ್ಲ. 2018ರಲ್ಲಿ ಬಂದ ಈ ನಿಯಮ ಕಡ್ಡಾಯವೇ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಎದುರಿನವರು ಬರದಿದ್ದರೆ, ಮಧ್ಯಸ್ಥಿಕೆ ಶುರುವೇ ಆಗಲಿಲ್ಲ ಎಂಬ ವರದಿ ಸಿಗುತ್ತದೆ, ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ನನ್ನ ಗೆಳೆಯನೊಬ್ಬ ಆ ವರದಿಗಾಗಿಯೇ ಅರ್ಜಿ ಹಾಕಿದ್ದ. ಕಡ್ಡಾಯ ಮಾಡಿದ್ದೇ ಅದನ್ನು ಒಂದು ಮೊಹರು ಮಾಡಿಬಿಟ್ಟಿತು ಅಂತ ನನಗನಿಸುತ್ತದೆ. ಹಾಗಂತ ಅಲ್ಲಿನದೆಲ್ಲ ಹುಳುಕಲ್ಲ. ಹೀಗೆ ಅರ್ಜಿ ಹಾಕಿ ಮಧ್ಯಸ್ಥಿಕೆಯಲ್ಲಿ ಕಳೆದ ಸಮಯ ದಾವೆಯ ಗಡುವಿಗೆ ಲೆಕ್ಕವಾಗುವುದಿಲ್ಲ. ಇಲ್ಲಿ ಖಾಸಗಿಯಾಗಿ ಮಾತಿಗೆ ಕೂತರೆ ಗಡುವಿನ ಗಡಿಯಾರ ತಾನಾಗಿ ನಿಲ್ಲದು, ಅದಕ್ಕೆ ಬೇರೆ ಒಪ್ಪಂದ ಬರೆದುಕೊಳ್ಳಬೇಕು.

ನಾನು ಬರೆದ ಪತ್ರ ಒಂದೇ ಪುಟದ್ದು. 120 ಗಂಟೆಯ ಬಗ್ಗೆ ಇಬ್ಬರಿಗೂ ತಕರಾರಿಲ್ಲ, ಅದನ್ನು ಈಗಲೇ ಕೊಡಿ, ಮಿಕ್ಕ 44 ಗಂಟೆ ಮಾತ್ರ ಮಧ್ಯಸ್ಥರ ಮುಂದೆ ಇಡೋಣ ಅಂದೆ. ಮೂವರು ಮಧ್ಯಸ್ಥರ ಹೆಸರು ಕೊಟ್ಟು ಒಬ್ಬರನ್ನು ನೀವೇ ಆರಿಸಿ ಎಂದೆ. ಅರ್ಧ ದಿನ ಆನ್‌ಲೈನಿನಲ್ಲಿ, ಫೀಸು ಅರ್ಧರ್ಧ, 14 ದಿನದಲ್ಲಿ ಉತ್ತರ. ಬರುವವರಿಗೆ ಅಲ್ಲೇ ಸಹಿ ಹಾಕುವ ಅಧಿಕಾರ ಇರಬೇಕು ಎಂದೂ ಸೇರಿಸಿದೆ. ಇಲ್ಲದಿದ್ದರೆ ‘ನಮ್ಮ ಬಾಸನ್ನು ಕೇಳಿ ಹೇಳ್ತೀವಿ’ ಅನ್ನುವಲ್ಲಿಗೆ ದಿನ ಮುಗಿಯುತ್ತದೆ.

ಮೊದಲ ಕರಡಿನಲ್ಲಿ ‘ಅರ್ಧಕ್ಕೆ ಒಪ್ಪುತ್ತೇನೆ’ ಎಂದೂ ಬರೆದಿದ್ದೆ. ವಕೀಲರು ಆ ಸಾಲಿಗೆ ಗೀಟು ಹಾಕಿದರು. ಈ ಪತ್ರವನ್ನು ನಾಳೆ ನ್ಯಾಯಾಧೀಶರಿಗೆ ತೋರಿಸಬೇಕಾಗುತ್ತದೆ, ಅಂಕಿ ಅದರಲ್ಲಿ ಇರಕೂಡದು. ಎಷ್ಟಕ್ಕೆ ಒಪ್ಪುತ್ತೀರಿ ಅನ್ನುವುದು ‘ವಿದೌಟ್ ಪ್ರೆಜುಡಿಸ್’, ಅಂದರೆ ರಾಜಿಗಾಗಿ ಆಡಿದ ಈ ಮಾತನ್ನು ಕೋರ್ಟಿನಲ್ಲಿ ತೋರಿಸುವಂತಿಲ್ಲ, ಎಂದು ಗುರುತು ಹಾಕಿದ ಬೇರೆ ಪತ್ರದಲ್ಲಿ, ಇಲ್ಲವೇ ಮಧ್ಯಸ್ಥರ ಕಿವಿಗೆ ಮಾತ್ರ.

ಹನ್ನೊಂದನೇ ದಿನ ಒಪ್ಪಿಗೆ ಬಂತು, 120 ಗಂಟೆಯ ದುಡ್ಡೂ ಬಂತು.

ನಾವು ಪಂಚಾಯ್ತಿ ಅನ್ನುವಾಗ ಹಿರಿಯರೊಬ್ಬರು ತೀರ್ಪು ಹೇಳುತ್ತಾರೆ ಅಂದುಕೊಳ್ಳುತ್ತೇವೆ. ಈ ಮಧ್ಯಸ್ಥೆ ಏನೂ ಹೇಳಲಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ 44 ಗಂಟೆಯನ್ನು ಬಿಡಿಸಿ ನೋಡಲು ಹಚ್ಚಿದರು, ಅಷ್ಟೆ. 26 ಗಂಟೆಗೆ ಅವರದೇ ಇಮೇಲ್ ಇತ್ತು, ಅವರು ಒಪ್ಪಿದರು. 9 ಗಂಟೆ ನನ್ನದೇ ತಪ್ಪುಗಳನ್ನು ಸರಿಪಡಿಸಿದ್ದು, ನಾನು ಬಿಟ್ಟೆ. ಉಳಿದ 9 ಫೋನಿನಲ್ಲಿ ಕೇಳಿದ ಬದಲಾವಣೆಗಳು, ಇಬ್ಬರ ಹತ್ತಿರವೂ ಪುರಾವೆ ಇಲ್ಲ. ಅದರಲ್ಲಿ 4 ನನಗೆ ಬಂದವು. 30 ಗಂಟೆಯ ದುಡ್ಡು ಯಾವ ತಾರೀಖಿಗೆ ಎಂದು ಬರೆದು, ಸಂಜೆಯೊಳಗೆ ಇಬ್ಬರೂ ಸಹಿ ಹಾಕಿದೆವು.

ಕೈತಪ್ಪಿದ ಆ 5 ಗಂಟೆ ಇನ್ನೂ ಚುಚ್ಚುತ್ತವೆ. ಈಗ ಫೋನ್ ಇಟ್ಟ ತಕ್ಷಣ ‘ಇಂಥ ಬದಲಾವಣೆ ಕೇಳಿದಿರಿ, ಇಷ್ಟು ಗಂಟೆ ಹಿಡಿಯುತ್ತದೆ’ ಎಂದು ಒಂದು ಸಾಲಿನ ಇಮೇಲ್ ಹಾಕುತ್ತೇನೆ.