ದುಡಿಯುವ ವಯಸ್ಸಿನವರು ನಾಲ್ಕು ಜನ, ದುಡಿಯೋರು ಇಬ್ಬರು

ಹೋದ ಭಾನುವಾರ ಪಾಂಡವಪುರದ ಹತ್ತಿರ ಇರುವ ನಮ್ಮೂರಿಗೆ ಹೋಗಿದ್ದೆ. ಅಣ್ಣನ ಮಗನಿಗೆ ಈಗ 26. ಡಿಗ್ರಿ ಮುಗಿಸಿ ನಾಲ್ಕು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. ಮಗಳಿಗೆ 23, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ. ಊಟಕ್ಕೆ ಕೂತಾಗ ಹುಡುಗ ಕೇಳಿದ: "ಚಿಕ್ಕಪ್ಪ, ನಮ್ದು ಯುವಕರ ದೇಶ, ಅದೇ ನಮ್ ಶಕ್ತಿ ಅಂತ ಪ್ರಬಂಧಕ್ಕೆ ಓದ್ಕತಾ ಇದೀನಿ. ನಾಕ್ ವರ್ಷದಿಂದ ಮನೇಲೇ ಕೂತಿರೋ ನಾನೂ ಆ ಲೆಕ್ಕಕ್ಕೆ ಬತ್ತೀನಾ?"

ಅರ್ಥಶಾಸ್ತ್ರ ಪಾಠ ಮಾಡುವವನು ನಾನು. ಆದರೂ ಅವನ ಮುಖ ನೋಡಿಕೊಂಡು ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉಣ್ಣುವವರಿಗೆ ಹೋಲಿಸಿದರೆ ದುಡಿಯುವ ವಯಸ್ಸಿನವರು ಹೆಚ್ಚಾದಾಗ ದೇಶಕ್ಕೆ ಸಿಗುವ ಅನುಕೂಲವನ್ನು ಜನಸಂಖ್ಯಾ ಲಾಭಾಂಶ ಅನ್ನುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯೇ ಸಾಕು. 1964ರ ಸುಮಾರಿಗೆ ಈ ಮನೆಯಲ್ಲಿ ಹತ್ತು ಜನ: ತಾತ, ಅಜ್ಜಿ, ತಾತನ ತಾಯಿ, ಏಳು ಮಕ್ಕಳು. ಮಕ್ಕಳಲ್ಲಿ ನಮ್ಮಪ್ಪನೇ ದೊಡ್ಡವರು, ಆಗ ಅವರಿಗೆ 14. ಮಕ್ಕಳು ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು. ಆದರೆ ಹತ್ತು ಹೊಟ್ಟೆ ತುಂಬಿಸುತ್ತಿದ್ದದ್ದು ಇಬ್ಬರು ದೊಡ್ಡವರ ದುಡಿಮೆ. ಒಬ್ಬರ ತಲೆಯ ಮೇಲೆ ಐದು ತಟ್ಟೆ. ಇಂಥ ಮನೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಏಳರಲ್ಲಿ ಇಬ್ಬರೇ ಹೈಸ್ಕೂಲಿನ ಮೆಟ್ಟಿಲು ಹತ್ತಿದರು.

ಇವತ್ತು ಅದೇ ಮನೆಯಲ್ಲಿ ಐದು ಜನ. ಅಮ್ಮನಿಗೆ 72. ಅಣ್ಣ, ಅತ್ತಿಗೆ, ಮಗ, ಮಗಳು ನಾಲ್ವರೂ ದುಡಿಯುವ ವಯಸ್ಸಿನವರು. ಕಾಗದದ ಮೇಲೆ ಒಬ್ಬರ ತಲೆಗೆ ಒಂದೂಕಾಲು ತಟ್ಟೆ ಮಾತ್ರ.

ಐದರಿಂದ ಒಂದೂಕಾಲಿಗೆ ಇಳಿಯಿತಲ್ಲ, ಲಾಭ ಹುಟ್ಟುವುದು ಆ ಇಳಿತದಲ್ಲಿ. ಯುವಕರು ಬರೀ ಹೆಚ್ಚಿದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆಫ್ರಿಕಾದ ನೈಜರ್ ಪ್ರಪಂಚದಲ್ಲೇ ಅತಿ ಚಿಕ್ಕ ವಯಸ್ಸಿನ ಜನ ಇರುವ ದೇಶಗಳಲ್ಲಿ ಒಂದು. ಅಲ್ಲಿ ಹೆಚ್ಚುಕಡಿಮೆ ಅರ್ಧ ಜನ 15 ದಾಟದವರು. ಅದು 1964ರ ನಮ್ಮ ಮನೆಯ ಸ್ಥಿತಿ. ಮೊದಲು ಮಕ್ಕಳ ಸಾವು ಕಡಿಮೆಯಾಗಬೇಕು, ಆಮೇಲೆ ಹೆರಿಗೆಗಳು ಕಡಿಮೆಯಾಗಬೇಕು. ಮುಂಚೆ ಹುಟ್ಟಿದ ದೊಡ್ಡ ಗುಂಪು ಬೆಳೆದು ಕೆಲಸಕ್ಕೆ ಬರುವಾಗ ಹಿಂದೆ ಬರುವ ಮಕ್ಕಳ ಗುಂಪು ಸಣ್ಣದಾಗಿರಬೇಕು. ಆಗ ಒಂದು ಮೂವತ್ತು ನಲವತ್ತು ವರ್ಷ ಬಾಗಿಲು ತೆರೆದಿರುತ್ತದೆ.

ಅದರಿಂದ ಎಷ್ಟು ಸಿಗುತ್ತದೆ? ನೂರು ಜನರಲ್ಲಿ 50 ಜನ ದುಡಿಯುತ್ತಿದ್ದದ್ದು ಮೂವತ್ತು ವರ್ಷದಲ್ಲಿ 60 ಆಯಿತು ಅಂದುಕೊಳ್ಳಿ. ಒಬ್ಬೊಬ್ಬರ ದುಡಿಮೆ ಒಂದು ರೂಪಾಯಿಯೂ ಹೆಚ್ಚದಿದ್ದರೂ ತಲಾ ಆದಾಯ ಶೇ. 20ರಷ್ಟು ಏರುತ್ತದೆ. ವರ್ಷಕ್ಕೆ ಶೇ. 0.6. ಇಷ್ಟು ಮಾತ್ರ ತಾನಾಗಿ ಬರುವಂಥದ್ದು, ಅದೂ ಎಲ್ಲರಿಗೂ ಕೆಲಸ ಸಿಕ್ಕಿದರೆ. ಮಿಕ್ಕಿದ್ದು ಬರುವುದು ಉಳಿದ ಹಣ ಮಕ್ಕಳ ಓದಿಗೆ, ಯಂತ್ರಕ್ಕೆ, ಬ್ಯಾಂಕಿಗೆ ಹೋದಾಗ.

ದಕ್ಷಿಣ ಕೊರಿಯಾ ಇದನ್ನು ಮಾಡಿ ತೋರಿಸಿತು. 1960ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರು ಮಕ್ಕಳು. 80ರ ದಶಕದ ಮಧ್ಯದ ಹೊತ್ತಿಗೆ ಎರಡಕ್ಕೂ ಕಡಿಮೆ. ಆ ನಡುವೆ ಹಳ್ಳಿಯ ಹೆಣ್ಣುಮಕ್ಕಳು ಬಟ್ಟೆ ಮತ್ತು ವಿಗ್ ಮಾಡುವ ರಫ್ತು ಫ್ಯಾಕ್ಟರಿಗಳಿಗೆ ಗುಂಪುಗುಂಪಾಗಿ ಹೋದರು. 1965ರಿಂದ 1990ರವರೆಗಿನ ಪೂರ್ವ ಏಷ್ಯಾದ ಬೆಳವಣಿಗೆಯಲ್ಲಿ ಸುಮಾರು ಮೂರನೇ ಒಂದು ಭಾಗದವರೆಗೂ ಈ ವಯಸ್ಸಿನ ಬದಲಾವಣೆಯದ್ದೇ ಅಂತ ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲೂಮ್ ಮತ್ತು ಜೆಫ್ರಿ ವಿಲಿಯಮ್ಸನ್ 1998ರಲ್ಲಿ ಲೆಕ್ಕ ಹಾಕಿದರು. ಈ ಮಾತನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಫ್ಯಾಕ್ಟರಿಗೆ ಹೋದ ಆ ಹೆಣ್ಣುಮಕ್ಕಳನ್ನು ಮಾತ್ರ ಬಿಟ್ಟು ಹೇಳುತ್ತಾರೆ.

ನಮ್ಮ ಮನೆಗೇ ಬರುತ್ತೇನೆ. ಕಾಗದದ ನಾಲ್ವರಲ್ಲಿ ಸಂಪಾದನೆ ಇರುವುದು ಅಣ್ಣನ ಕಬ್ಬಿಗೆ, ಅತ್ತಿಗೆಯ ಹಾಲಿಗೆ. ಅಂದರೆ ಇಬ್ಬರು. ಒಂದೂಕಾಲು ತಟ್ಟೆ ಆಗಬೇಕಿದ್ದ ಕಡೆ ಎರಡೂವರೆ ಆಗಿದೆ. ವಯಸ್ಸು ನೋಡಿ ಎಣಿಸುವ ಬದಲು ನಿಜವಾಗಿ ಎಷ್ಟು ಜನ ಸಂಪಾದಿಸುತ್ತಾರೆ, ಎಷ್ಟು ಜನ ಉಣ್ಣುತ್ತಾರೆ ಅಂತ ಹೋಲಿಸಬೇಕು ಅಂತ ರೊನಾಲ್ಡ್ ಲೀ, ಆಂಡ್ರ್ಯೂ ಮೇಸನ್ ಮುಂತಾದ ಅರ್ಥಶಾಸ್ತ್ರಜ್ಞರು ಹೇಳುವುದು ಇದಕ್ಕೇ. ವಯಸ್ಸಿನ ಲೆಕ್ಕಕ್ಕೂ ಸಂಪಾದನೆಯ ಲೆಕ್ಕಕ್ಕೂ ಇರುವ ಅಂತರವೇ ನಾವು ಕಳೆದುಕೊಳ್ಳುತ್ತಿರುವ ಲಾಭ.

ಅತ್ತಿಗೆಯ ವಿಷಯ ಸ್ವಲ್ಪ ನಿಲ್ಲಿಸಿ ಹೇಳಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸು ಕರೆಯುವವರು ಅವರು, ಹುಲ್ಲು ತರುವವರು ಅವರು. ಡೈರಿಯ ಹಾಲಿನ ದುಡ್ಡು ಬೀಳುವುದು ಅಣ್ಣನ ಖಾತೆಗೆ. ದೇಶದಲ್ಲಿ 15 ಮತ್ತು ಮೇಲ್ಪಟ್ಟ ವಯಸ್ಸಿನ ಹೆಂಗಸರಲ್ಲಿ ಕೆಲಸದಲ್ಲಿರುವ ಅಥವಾ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಗಿದೆ. ಒಳ್ಳೆಯ ಸುದ್ದಿಯೇ. ಆದರೆ ಆ ಏರಿಕೆಯಲ್ಲಿ ಬಹುಪಾಲು ಸ್ವಂತ ಕೆಲಸ, ಅದರಲ್ಲೂ ಮನೆಯ ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವವರದ್ದು. ನಮ್ಮ ಅತ್ತಿಗೆ ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ ಅದು. ಅವರನ್ನು ಎಣಿಕೆಗೆ ಸೇರಿಸಿದ ಮಾತ್ರಕ್ಕೆ ಹೊಸದಾಗಿ ಒಂದು ಲೀಟರ್ ಹಾಲೂ ಹೆಚ್ಚುವುದಿಲ್ಲ.

ಹುಡುಗನದು ಬೇರೆ ಕತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಭಾರತದ ಪದವೀಧರ ಯುವಕರಲ್ಲಿ ನಿರುದ್ಯೋಗ ಶೇ. 29.1. ಓದು ಬರಹ ಬಾರದ ಯುವಕರಲ್ಲಿ ಶೇ. 3.4. ಓದದವನಿಗೆ ಕಾಯುವಷ್ಟು ಅನುಕೂಲವಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನಿಗೆ ಓದಿಗೆ ತಕ್ಕ ಕೆಲಸ ಸುತ್ತಮುತ್ತ ಇಲ್ಲ, ಹಾಗಾಗಿ ಕಾಯುತ್ತಾನೆ. ಅವನನ್ನು ಸೋಮಾರಿ ಅನ್ನುವವರ ಮೇಲೆ ನನಗೆ ಕೋಪ ಬರುತ್ತದೆ. ಸಾವಿರ ಹುದ್ದೆಗೆ ಲಕ್ಷಗಟ್ಟಲೆ ಅರ್ಜಿ ಬೀಳುವ ಕಡೆ ಒಬ್ಬೊಬ್ಬನೂ ಬುದ್ಧಿವಂತಿಕೆಯಿಂದಲೇ ಕಾಯುತ್ತಿದ್ದಾನೆ. ಎಲ್ಲರ ವರ್ಷಗಳೂ ಕೂಡಿ ನಷ್ಟವಾಗುತ್ತಿವೆ, ಅಷ್ಟೇ.

ನಮಗೆ ಆತುರವೂ ಇದೆ. ದೇಶದ ಮಟ್ಟದಲ್ಲಿ ಈ ಲಾಭ 2041ರ ಸುಮಾರಿಗೆ ತುದಿ ಮುಟ್ಟುತ್ತದೆ ಅಂತ ಆರ್ಥಿಕ ಸಮೀಕ್ಷೆ ಹೇಳಿದೆ. ನಮ್ಮ ಗಡಿಯಾರ ಅದಕ್ಕಿಂತ ಮುಂದಿದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳು ಅನ್ನುವ ಸ್ಥಿತಿ 2005-06ಕ್ಕೇ ಬಂದಿತ್ತು. 2019-21ರ ಸಮೀಕ್ಷೆಯಲ್ಲಿ ಅದು 1.7. ಅಂದರೆ ಕೆಲಸಕ್ಕೆ ಬರಬೇಕಾದ ದೊಡ್ಡ ಗುಂಪು ಈಗಾಗಲೇ ಬಂದು ನಿಂತಿದೆ, ಹಿಂದೆ ಬರುವವರು ಕಡಿಮೆ. ಮಂಡ್ಯ ಜಿಲ್ಲೆಯ ಜನಸಂಖ್ಯೆ 2001ರಿಂದ 2011ರವರೆಗೆ ಬೆಳೆದದ್ದು ಶೇ. 2.4ರಷ್ಟೇ. ಹೆರಿಗೆ ಕಡಿಮೆಯಾದದ್ದು ಒಂದು ಕಾರಣ, ಹುಡುಗರು ಬೆಂಗಳೂರಿಗೆ ಹೋದದ್ದು ಇನ್ನೊಂದು. ಅವರು ದುಡಿದದ್ದು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ, ಅವರ ಅಪ್ಪ ಅಮ್ಮ ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಉಳಿಯುತ್ತಾರೆ. 2023ರಲ್ಲಿ ಹೆಣ್ಣು ಸಿಗದ ನಮ್ಮ ಕಡೆಯ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿದೆಯಲ್ಲ? ಹುಟ್ಟುವ ಮುಂಚೆಯೇ ಹೆಣ್ಣುಮಕ್ಕಳನ್ನು ಕಳೆದುಕೊಂಡ ಜಿಲ್ಲೆ ಇದು. ಉಳಿದವರನ್ನೂ ಮನೆಯಲ್ಲಿ ಕೂರಿಸುತ್ತಿದ್ದೇವೆ.

ಊಟ ಮುಗಿದ ಮೇಲೆ ಅಣ್ಣನ ಮಗಳು ಹಿತ್ತಲಿಗೆ ಕರೆದು ಹೇಳಿದಳು. ಮೈಸೂರಿನಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಇದೆಯಂತೆ. ಸಂಜೆ ಆರೂವರೆಗೆ ಬಿಡುತ್ತಾರೆ. ಊರಿಗೆ ಕೊನೇ ಬಸ್ಸು ಪಾಂಡವಪುರದಿಂದ ಏಳಕ್ಕೇ ಹೊರಟುಬಿಡುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿಲ್ಲ, ಸರಿ. ಆದರೆ ಬಸ್ಸೇ ಇಲ್ಲದ ಹೊತ್ತಿಗೆ ಅದರಿಂದ ಏನು? "ರಾತ್ರಿ ಹೊತ್ತು ಯಾರ್ ಕರ್ಕಬರ್ತಾರೆ ಅಂತಾರೆ ಅಪ್ಪ. ಚಿಕ್ಕಪ್ಪ, ನೀವೇ ಒಂದ್ ಮಾತ್ ಹೇಳಿ."

ಅವಳೊಬ್ಬಳು ಹೋದರೆ ಎರಡೂವರೆ ಇದ್ದದ್ದು ಒಂದೂ ಮುಕ್ಕಾಲಿಗಿಂತ ಕಡಿಮೆಗೆ ಬರುತ್ತದೆ. ಎಂಟೂವರೆಗೆ ಇನ್ನೊಂದು ಬಸ್ಸು ಬಿಡಿ ಅಂತ ಅರ್ಜಿ ಬರೆದಿದ್ದೇನೆ. ಅದೇ ದಾರಿಯ ಮೂರು ಹಳ್ಳಿಗಳಿಂದ 41 ಸಹಿ ಆಗಿದೆ. ಅಲ್ಲಿಯವರೆಗೆ ಪಾಂಡವಪುರಕ್ಕೆ ಸ್ಕೂಟರಿನಲ್ಲಿ ಹೋಗಿ ಕರೆತರುತ್ತೇನೆ ಅಂತ ಅವಳ ಅಣ್ಣನೇ ಒಪ್ಪಿದ್ದಾನೆ. ನಮ್ಮಣ್ಣ ಇನ್ನೂ ಒಪ್ಪಿಲ್ಲ, ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇನೆ.